ಅಪ್ಪನ ಕೈಗೆ ಬ್ಯಾಂಡೋ, ಸ್ಮಾರ್ಟ್‌ವಾಚೋ?

ಕಳೆದ ವರ್ಷ ನಮ್ಮ ಕುಟುಂಬಕ್ಕೆ ಎರಡೂ ಬಂದವು. ಮೈಸೂರಿನಲ್ಲಿರುವ ಅಪ್ಪನಿಗೆ ಮೂರು ಸಾವಿರದೊಳಗಿನ ಒಂದು ಫಿಟ್‌ನೆಸ್ ಬ್ಯಾಂಡ್. ಶಿವಮೊಗ್ಗದಲ್ಲಿ ಒಬ್ಬರೇ ಇರುವ ದೊಡ್ಡಮ್ಮನಿಗೆ, ಅವರ ಮಗ ಹಠ ಹಿಡಿದು ಕೊಡಿಸಿದ, ಅದರ ಹತ್ತು ಪಟ್ಟು ಬೆಲೆಯ ಸ್ಮಾರ್ಟ್‌ವಾಚ್. ಎರಡನ್ನೂ ಸೆಟ್ ಮಾಡಿಕೊಟ್ಟವನು ನಾನು. ಎರಡರ ಬಗ್ಗೆಯೂ ಬೈಸಿಕೊಂಡವನೂ ನಾನೇ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಬೇಕಾಗಿರುವುದು ಹೃದಯದ ಬಡಿತ ಮತ್ತು ದಿನದ ಹೆಜ್ಜೆ ಇವೆರಡೇ ಆದರೆ ಬ್ಯಾಂಡ್ ಸಾಕು. ಸ್ಮಾರ್ಟ್‌ವಾಚಿಗೆ ದುಡ್ಡು ಹಾಕಬೇಕಾದ ಕಾರಣ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ. ಇವೆರಡರ ನಡುವೆ ಇನ್ನೊಂದು ಜಾತಿ ಇದೆ, ಒಂದೂವರೆ ಎರಡು ಸಾವಿರಕ್ಕೆ ಸಿಗುವ, ನೋಡಲು ಥೇಟ್ ದುಬಾರಿ ವಾಚಿನ ಹಾಗೇ ಇರುವ, ಫೋನ್ ಕರೆ ಬಂದರೆ ಕೈಯಲ್ಲೇ ಮಾತಾಡಬಹುದಾದ ವಾಚುಗಳು. ಹೆಸರು ಸ್ಮಾರ್ಟ್‌ವಾಚ್. ಒಳಗೆ ಹೆಚ್ಚಿನವು ಬ್ಯಾಂಡೇ, ಪರದೆ ಮಾತ್ರ ದೊಡ್ಡದು. ಅಂಗಡಿಯವರು ಮೊದಲು ತೋರಿಸುವುದೂ ಅದನ್ನೇ.

ಹೆಜ್ಜೆಯಿಂದ ಶುರು ಮಾಡೋಣ

ಅಪ್ಪನಿಗೆ ಎಪ್ಪತ್ನಾಲ್ಕು. ಬೆಳಿಗ್ಗೆ ಆರಕ್ಕೆ ಮನೆ ಹತ್ತಿರದ ಪಾರ್ಕಿನಲ್ಲಿ ಮುಕ್ಕಾಲು ಗಂಟೆ ನಡೆಯುತ್ತಾರೆ. ಬ್ಯಾಂಡ್ ಹಾಕಿದ ಮೊದಲ ದಿನ ವಾಪಸ್ ಬಂದು ಕೈ ಮುಂದೆ ಚಾಚಿದರು. "ನೋಡೋ, ಮುಕ್ಕಾಲು ಗಂಟೆ ನಡೆದಿದೀನಿ, ಎರಡು ಸಾವಿರ ಅಂತಿದೆ. ನಿನ್ನ ಬ್ಯಾಂಡಿಗೆ ಲೆಕ್ಕ ಬರಲ್ಲ."

ಮರುದಿನ ನಾನೂ ಜೊತೆಗೆ ಹೋದೆ. ಕಾರಣ ಎರಡೇ ನಿಮಿಷದಲ್ಲಿ ಗೊತ್ತಾಯಿತು. ಅಪ್ಪ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುತ್ತಾರೆ! ನಮ್ಮ ಕಡೆಯ ಅರ್ಧ ಹಿರಿಯರು ನಡೆಯುವುದೇ ಹಾಗೆ, ಅಲ್ವಾ?

ಬ್ಯಾಂಡಾಗಲಿ ವಾಚಾಗಲಿ ಕಾಲನ್ನು ನೋಡುವುದಿಲ್ಲ. ಒಳಗಿರುವ ಅಕ್ಸೆಲೆರೋಮೀಟರ್ ಎಂಬ ಪುಟ್ಟ ಚಿಪ್ ಕೈಯ ಅಲುಗಾಟವನ್ನು ಅಳೆಯುತ್ತದೆ. ಒಂದೇ ತಾಳದಲ್ಲಿ, ಸ್ವಲ್ಪ ಜೋರಾಗಿ ಅಲುಗಾಟ ಬರುತ್ತಾ ಇದ್ದರೆ ಅದನ್ನು ಹೆಜ್ಜೆ ಅಂದುಕೊಳ್ಳುತ್ತದೆ. ಕೈ ಹಿಂದೆ ಕಟ್ಟಿದರೆ ಅಲುಗಾಟ ಅರ್ಧಕ್ಕರ್ಧ ಸತ್ತುಹೋಗುತ್ತದೆ. ವಾಕರ್ ಹಿಡಿದು ನಡೆಯುವವರು, ಮೊಮ್ಮಗುವಿನ ಗಾಡಿ ತಳ್ಳುವವರು, ತರಕಾರಿ ಚೀಲ ಹಿಡಿದವರು, ಕೈಯನ್ನು ಜೇಬಿನಲ್ಲಿ ಇಟ್ಟುಕೊಳ್ಳುವವರು, ಇವರೆಲ್ಲರದ್ದೂ ಇದೇ ಕಥೆ. ಕಾಲು ಎಳೆದುಕೊಂಡು ತುಂಬ ನಿಧಾನವಾಗಿ ನಡೆಯುವವರದ್ದು ಇನ್ನೂ ಕಷ್ಟ, ಏಕೆಂದರೆ ಅವರ ಹೆಜ್ಜೆಯಲ್ಲಿ ಚಿಪ್ಪಿಗೆ ಸಿಗುವಷ್ಟು ಜರ್ಕೇ ಇರುವುದಿಲ್ಲ. ಉಲ್ಟಾ ಕೂಡ ಆಗುತ್ತದೆ. ಚಪಾತಿ ಲಟ್ಟಿಸುವಾಗ, ಭಜನೆಯಲ್ಲಿ ತಾಳ ಹಾಕುವಾಗ ಸುಮ್ನೆ ಒಂದಿಷ್ಟು ಹೆಜ್ಜೆ ಸೇರಿಕೊಳ್ಳುತ್ತವೆ.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಮೂವತ್ತು ಸಾವಿರದ ವಾಚನ್ನು ಕೈಗೆ ಕಟ್ಟಿದರೂ ಹೆಜ್ಜೆ ಲೆಕ್ಕ ಹಾಕುವ ದಾರಿ ಇದೇ. ದುಡ್ಡು ಜಾಸ್ತಿ ಕೊಟ್ಟ ಮಾತ್ರಕ್ಕೆ ಹಿಂದೆ ಕಟ್ಟಿದ ಕೈ ಬೀಸಲು ಶುರು ಮಾಡುವುದಿಲ್ಲ. ದುಬಾರಿ ವಾಚಿನಲ್ಲಿ ಜಿಪಿಎಸ್ ಇರುತ್ತದೆ, ನಿಜ. ವಾಕಿಂಗ್ ಶುರು ಮಾಡುವಾಗ ಅದನ್ನು ಒತ್ತಿದರೆ ಕೈ ಎಲ್ಲಿದ್ದರೂ ನಡೆದ ದೂರ ಸರಿಯಾಗಿ ಬರುತ್ತದೆ. ಆದರೆ ಪ್ರತಿ ದಿನ ನೆನಪಿಟ್ಟು ಒತ್ತಬೇಕು, ಮುಗಿದ ಮೇಲೆ ನಿಲ್ಲಿಸಬೇಕು. ನಮ್ಮಪ್ಪ ತಮ್ಮ ಬ್ಯಾಂಡಿನಲ್ಲೇ ಒಮ್ಮೆ ವಾಕಿಂಗ್ ನಿಲ್ಲಿಸುವುದು ಮರೆತು ತಿಂಡಿ, ಸ್ನಾನ, ಪೂಜೆ ಎಲ್ಲ ಸೇರಿ ನಾಲ್ಕು ಗಂಟೆಯ ವಾಕಿಂಗ್ ಮಾಡಿದ್ದರು.

ಕೊಳ್ಳುವ ಮುಂಚೆ ಅಥವಾ ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಒಂದು ಪರೀಕ್ಷೆ ಮಾಡಿ. ಈಗ ಎಷ್ಟು ತೋರಿಸುತ್ತಿದೆ ಅಂತ ಬರೆದುಕೊಳ್ಳಿ. ಹಿರಿಯರು ಅವರ ಪಾಡಿಗೆ ಅವರು ನಡೆಯುವ ಹಾಗೇ ನಡೆಯಲಿ, ನೀವು ಪಕ್ಕದಲ್ಲಿ ಬಾಯಲ್ಲಿ ಇನ್ನೂರು ಎಣಿಸಿ. ನಿಂತ ಮೇಲೆ ಅರ್ಧ ನಿಮಿಷ ಕಾಯಿರಿ, ಕೆಲವು ಬ್ಯಾಂಡ್‌ಗಳು ಲೆಕ್ಕವನ್ನು ಸ್ವಲ್ಪ ತಡವಾಗಿ ತೋರಿಸುತ್ತವೆ. ಅಪ್ಪನಿಗೆ ಕೈ ಬೀಸಿದಾಗ 194 ಬಂತು, ಹಿಂದೆ ಕಟ್ಟಿದಾಗ 112. ಅದೇ ಬ್ಯಾಂಡನ್ನು ಪ್ಯಾಂಟಿನ ಜೇಬಿಗೆ ಹಾಕಿ ನಡೆದಾಗ 198. ಅಂದರೆ ಬ್ಯಾಂಡಿನಲ್ಲಿ ತಪ್ಪಿರಲಿಲ್ಲ.

ವಾಕರ್ ಹಿಡಿಯುವವರಿಗೆ ನಾನು ಬ್ಯಾಂಡೂ ಹೇಳುವುದಿಲ್ಲ, ವಾಚೂ ಹೇಳುವುದಿಲ್ಲ, ಹೆಜ್ಜೆಗೋಸ್ಕರ ಅಂತಾದರೆ. ಫೋನನ್ನು ಜೇಬಿನಲ್ಲೋ ಸೊಂಟದ ಚೀಲದಲ್ಲೋ ಇಟ್ಟುಕೊಂಡರೆ ಅದೇ ಇದಕ್ಕಿಂತ ಚೆನ್ನಾಗಿ ಎಣಿಸುತ್ತದೆ.

ಇನ್ನು ಆ ಹತ್ತು ಸಾವಿರ ಹೆಜ್ಜೆಯ ಗುರಿ. ಅನೇಕ ಆ್ಯಪ್‌ಗಳು ಶುರುವಿನಲ್ಲೇ ಅದನ್ನು ಹಾಕಿಟ್ಟಿರುತ್ತವೆ. ಅದನ್ನು ಯಾವ ವೈದ್ಯರೂ ಕೂತು ಲೆಕ್ಕ ಹಾಕಿ ಹೇಳಿದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರೇ 'ಮಾನ್ಪೊ ಕೇ', ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಅಲ್ಲಿಂದ ಹಬ್ಬಿದ ಸಂಖ್ಯೆ ಇದು. ಅಮೆರಿಕದಲ್ಲಿ ಸರಾಸರಿ 72 ವರ್ಷದ ಸುಮಾರು 16,700 ಮಹಿಳೆಯರನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ 2,700 ಹೆಜ್ಜೆ ನಡೆಯುವವರಿಗಿಂತ 4,400 ನಡೆಯುವವರಲ್ಲಿ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಇತ್ತು. ಸುಮಾರು 7,500 ದಾಟಿದ ಮೇಲೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಮೊದಲ ವಾರ ಗುರಿಯನ್ನು ಬದಲಾಯಿಸಲು ಹೋಗಬೇಡಿ. ಅವರು ಈಗ ಎಷ್ಟು ನಡೆಯುತ್ತಿದ್ದಾರೆ ನೋಡಿ, ಅದರ ಮೇಲೆ ಐನೂರೋ ಸಾವಿರವೋ ಸೇರಿಸಿ ಗುರಿ ಇಡಿ. ಇಲ್ಲದಿದ್ದರೆ ದಿನಾ ರಾತ್ರಿ ಅದು "ಇನ್ನೂ ಆರು ಸಾವಿರ ಬಾಕಿ" ಅನ್ನುತ್ತದೆ, ಹಿರಿಯರು ಊಟ ಆದಮೇಲೆ ನಡುಮನೆಯಲ್ಲಿ ಸುತ್ತು ಹೊಡೆಯಲು ಶುರು ಮಾಡುತ್ತಾರೆ, ಮಂಡಿ ನೋವು ಬರುತ್ತದೆ, ಬ್ಯಾಂಡ್ ಡ್ರಾಯರ್ ಸೇರುತ್ತದೆ.

ಹಸಿರು ದೀಪ ಹೇಳುವ ಬಡಿತ

ವಾಚಿನ ಹಿಂದೆ ಮಿಣುಕುವ ಹಸಿರು ದೀಪ ನೋಡಿರುತ್ತೀರಿ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಹೃದಯ ಒಮ್ಮೆ ಬಡಿದಾಗ ಚರ್ಮದ ಕೆಳಗೆ ರಕ್ತ ಸ್ವಲ್ಪ ಹೆಚ್ಚಾಗಿ ನುಗ್ಗುತ್ತದೆ, ವಾಪಸ್ ಬರುವ ಬೆಳಕು ಆಗ ಕಡಿಮೆಯಾಗುತ್ತದೆ. ಆ ಏರಿಳಿತವನ್ನು ಎಣಿಸಿ ಬಡಿತ ಹೇಳುತ್ತದೆ. ಬ್ಯಾಂಡ್‌ನಲ್ಲೂ ದುಬಾರಿ ವಾಚ್‌ನಲ್ಲೂ ಉಪಾಯ ಒಂದೇ. ದುಬಾರಿಯದರಲ್ಲಿ ದೀಪ ಮತ್ತು ಸೆನ್ಸರ್ ಹೆಚ್ಚಿರುತ್ತವೆ, ಗೊಂದಲದ ಸಂಕೇತವನ್ನು ಸೋಸುವ ಲೆಕ್ಕಾಚಾರ ಚೆನ್ನಾಗಿರುತ್ತದೆ. ಸುಮ್ಮನೆ ಕುರ್ಚಿಯಲ್ಲಿ ಕೂತಿರುವ, ಬಡಿತ ತಾಳ ತಪ್ಪದ ಮನುಷ್ಯನಿಗೆ ಒಳ್ಳೆಯ ಬ್ಯಾಂಡಿಗೂ ವಾಚಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ನಡೆಯುವಾಗ ವ್ಯತ್ಯಾಸ ಕಾಣುತ್ತದೆ.

ಮೂರನೇ ವಾರ ಅಪ್ಪ ಗಾಬರಿಯಾಗಿ ಫೋನ್ ಮಾಡಿದರು. ಪಾರ್ಕಿನಲ್ಲಿ ಬಡಿತ 118 ತೋರಿಸುತ್ತಿದೆ, ಎಂದೂ ನೂರು ದಾಟುತ್ತಿರಲಿಲ್ಲ ಅಂತ. ಅಪ್ಪ ಬಿಪಿಗೆ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಾರೆ. ಅದು ಬೀಟಾ ಬ್ಲಾಕರ್, ಬಡಿತವನ್ನು ಇಳಿಸಿಡುವ ಮಾತ್ರೆ. ಆ ಮಾತ್ರೆ ತಿಂದು ನಿಧಾನ ನಡಿಗೆಯಲ್ಲಿ 118 ಬರುವುದು ನನಗೂ ವಿಚಿತ್ರ ಅನಿಸಿತು. ಸುಸ್ತು, ಎದೆನೋವು, ಉಸಿರಾಟದ ತೊಂದರೆ ಏನಾದರೂ ಇದೆಯಾ ಅಂತ ಕೇಳಿದೆ. ಏನೂ ಇಲ್ಲ ಅಂದರು. ಇದ್ದಿದ್ದರೆ ಈ ಪತ್ತೇದಾರಿಕೆ ಬಿಟ್ಟು ನೇರ ಆಸ್ಪತ್ರೆಗೇ.

ಅಲ್ಲೇ ಬೆಂಚಿನ ಮೇಲೆ ಕೂತು ನಾಡಿ ಹಿಡಿದು ನೋಡಿ ಅಂದೆ. ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನಲ್ಲಿ ತೋರುಬೆರಳು, ನಡುಬೆರಳು ಇಟ್ಟು ಮೂವತ್ತು ಸೆಕೆಂಡು ಎಣಿಸಿ ಎರಡರಿಂದ ಗುಣಿಸಬೇಕು. ತಾಳ ತಪ್ಪುತ್ತಿದೆ ಅನಿಸಿದರೆ ಪೂರ್ತಿ ಒಂದು ನಿಮಿಷ. ನಲವತ್ತೆರಡು ಬಂತು, ಅಂದರೆ 84. ಬ್ಯಾಂಡ್ ಕೂಡ ಅಷ್ಟರಲ್ಲಿ 86ಕ್ಕೆ ಇಳಿದಿತ್ತು. ಹೃದಯ ಸಾಮಾನ್ಯವಾಗಿ ಅರ್ಧ ಮುಕ್ಕಾಲು ನಿಮಿಷದಲ್ಲಿ 118ರಿಂದ 86ಕ್ಕೆ ಧಡಕ್ಕನೆ ಇಳಿಯುವುದಿಲ್ಲ, ಅದರಲ್ಲೂ ಎಪ್ಪತ್ತು ದಾಟಿದವರದ್ದು. ಹಾಗಾದರೆ 118 ಎಲ್ಲಿಂದ ಬಂತು? ಮರುದಿನ ಅವರ ಹೆಜ್ಜೆ ಎಣಿಸಿಕೊಳ್ಳಲು ಹೇಳಿದೆ. ನಿಮಿಷಕ್ಕೆ ನೂರಹದಿನೈದರ ಆಸುಪಾಸು. ಬ್ಯಾಂಡ್ ಹೃದಯ ಬಿಟ್ಟು ಹೆಜ್ಜೆಯ ತಾಳ ಹಿಡಿದುಕೊಂಡಿತ್ತು.

ಇದು ಈ ಹಸಿರು ದೀಪದ ಹಳೇ ರೋಗ. ಪಟ್ಟಿ ಸಡಿಲವಿದ್ದರೆ ಪ್ರತಿ ಹೆಜ್ಜೆಗೂ ಬ್ಯಾಂಡ್ ಕುಣಿಯುತ್ತದೆ, ಬೆಳಕು ಏರಿಳಿಯುತ್ತದೆ, ಅದನ್ನೇ ಅದು ನಾಡಿ ಅಂದುಕೊಳ್ಳುತ್ತದೆ. ಚಳಿಗಾಲದ ಬೆಳಿಗ್ಗೆ ಕೈ ತಣ್ಣಗಿದ್ದಾಗ ಚರ್ಮಕ್ಕೆ ರಕ್ತ ಕಡಿಮೆ ಬರುವುದರಿಂದ ಇನ್ನೂ ಜಾಸ್ತಿ. ಅಪ್ಪ ಬ್ಯಾಂಡನ್ನು ಬಳೆಯ ಹಾಗೆ ಜೋತಾಡಿಸಿಕೊಂಡಿದ್ದರು. ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲಕ್ಕೆ ಸರಿಸಿ, ಒಂದು ತೂತು ಬಿಗಿ ಮಾಡಿದ ಮೇಲೆ ನಡೆಯುವಾಗ 92, 95 ಬರತೊಡಗಿತು. ವಾಕಿಂಗ್ ಮುಗಿದ ಮೇಲೆ ಮತ್ತೆ ಸಡಿಲ ಮಾಡಿಕೊಳ್ಳಲಿ. ವಯಸ್ಸಾದವರ ಚರ್ಮ ತೆಳು, ದಿನವಿಡೀ ಬಿಗಿದರೆ ಕೆಂಪಾಗಿ ತುರಿಕೆ ಬರುತ್ತದೆ.

ದೊಡ್ಡಮ್ಮನ ವಾಚ್ ಇಂಥ ತಪ್ಪು ಕಡಿಮೆ ಮಾಡುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೆ ಅದಕ್ಕೆ ತೂಕ ಜಾಸ್ತಿ, ಸಣ್ಣ ಕೈಯಲ್ಲಿ ಅದು ಪಕ್ಕಕ್ಕೆ ಜಾರುತ್ತದೆ, ಜಾರಿದಾಗ ಅದೂ ಇದೇ ತಪ್ಪು ಮಾಡುತ್ತದೆ.

ಬೀಟಾ ಬ್ಲಾಕರ್ ತಿನ್ನುವವರಿಗೆ ಇನ್ನೊಂದು ಮಾತು. ಆ್ಯಪ್‌ಗಳು ಸಾಮಾನ್ಯವಾಗಿ 220ರಲ್ಲಿ ವಯಸ್ಸು ಕಳೆದು ಗರಿಷ್ಠ ಬಡಿತ ಅಂತ ಇಟ್ಟುಕೊಂಡು, ಅದರ ಮೇಲೆ ಬಣ್ಣಬಣ್ಣದ ವಲಯ ಮಾಡಿ ತೋರಿಸುತ್ತವೆ. ಅಪ್ಪನಿಗೆ 146 ಬರುತ್ತದೆ. ಮಾತ್ರೆ ಬಡಿತವನ್ನು ತಡೆಹಿಡಿದಿರುವಾಗ ಆ ಲೆಕ್ಕಕ್ಕೆ ಅರ್ಥವಿಲ್ಲ. ಆ್ಯಪ್ "ಇನ್ನೂ ಸ್ವಲ್ಪ ಜೋರಾಗಿ" ಅನ್ನುತ್ತಲೇ ಇರುತ್ತದೆ. ಅಪ್ಪನ ಡಾಕ್ಟರ್ ಹೇಳಿದ್ದು ಸರಳ, ನಡೆಯುವಾಗ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಕಷ್ಟ ಆಗಬೇಕು, ಅಷ್ಟೇ ವೇಗ ಸಾಕು. ಬಡಿತ ಕಡಿಮೆಯಾದರೆ ಎಚ್ಚರಿಸುವ ಗಂಟೆಯನ್ನೂ ಡಾಕ್ಟರನ್ನು ಕೇಳಿಯೇ ಇಡಿ. ಈ ಮಾತ್ರೆಯಲ್ಲಿ ರಾತ್ರಿ ಮಲಗಿದಾಗ 50ರ ಹತ್ತಿರ ಬರುವುದು ಹಲವರಿಗೆ ಮಾಮೂಲಿ, ಗಂಟೆಯನ್ನು 50ಕ್ಕೆ ಇಟ್ಟರೆ ರಾತ್ರಿಯೆಲ್ಲ ಎದ್ದು ಕೂರುತ್ತಾರೆ.

ಮತ್ತೆ, ಅನೇಕ ಬ್ಯಾಂಡ್‌ಗಳಲ್ಲಿ ದಿನವಿಡೀ ಬಡಿತ ನೋಡುವುದು ಶುರುವಿನಲ್ಲಿ ಆಫ್ ಇರುತ್ತದೆ, ಅಥವಾ ಅರ್ಧ ಗಂಟೆಗೊಮ್ಮೆ ಮಾತ್ರ ನೋಡುತ್ತದೆ. ಆ್ಯಪ್‌ಗೆ ಹೋಗಿ ಒಂದು ನಿಮಿಷಕ್ಕೋ ಐದು ನಿಮಿಷಕ್ಕೋ ಬದಲಾಯಿಸಿ. ಬ್ಯಾಟರಿ ಬೇಗ ಇಳಿಯುತ್ತದೆ, ಇಳಿಯಲಿ.

ಹಾಗಾದರೆ ಸ್ಮಾರ್ಟ್‌ವಾಚ್ ಯಾಕೆ

ದೊಡ್ಡಮ್ಮನಿಗೆ ಅದನ್ನು ಕೊಡಿಸಿದ್ದು ಬಡಿತಕ್ಕೂ ಅಲ್ಲ, ಹೆಜ್ಜೆಗೂ ಅಲ್ಲ. ಅವರು ಒಬ್ಬರೇ ಇರುವುದು, ಹಿಂದೆ ಒಮ್ಮೆ ಹಿತ್ತಲಲ್ಲಿ ಬಿದ್ದು ಅರ್ಧ ಗಂಟೆ ಯಾರಿಗೂ ಗೊತ್ತಾಗದೇ ಇದ್ದದ್ದು, ಜೊತೆಗೆ ಎದೆ ಆಗಾಗ ಡವಡವ ಅನ್ನುತ್ತದೆ ಅಂತ ಹೇಳುತ್ತಿದ್ದದ್ದು. ಇವಕ್ಕೆ ಬ್ಯಾಂಡ್ ಸಾಲದು.

ಬಿದ್ದದ್ದನ್ನು ಪತ್ತೆ ಹಚ್ಚುವ ಸೌಲಭ್ಯ ಆ್ಯಪಲ್, ಸ್ಯಾಮ್‌ಸಂಗ್‌ನಂಥ ಕಂಪನಿಗಳ ವಾಚುಗಳಲ್ಲಿ ಇದೆ. ಜೋರಾಗಿ ಬಿದ್ದು ಅಲುಗಾಡದೇ ಇದ್ದರೆ ವಾಚ್ ಮೊದಲು ಕೈ ತಟ್ಟಿ ಕೇಳುತ್ತದೆ, ಉತ್ತರ ಬರದಿದ್ದರೆ ತುರ್ತು ಕರೆ ಮಾಡುತ್ತದೆ, ನೀವು ಕೊಟ್ಟ ನಂಬರಿಗೆ ಜಾಗದ ಸಮೇತ ಸಂದೇಶ ಕಳಿಸುತ್ತದೆ. ಆದರೆ ಮೆಲ್ಲಗೆ ಗೋಡೆಗೆ ಜಾರಿ ಕುಸಿದು ಕೂತರೆ ಅದಕ್ಕೆ ಗೊತ್ತಾಗದೇ ಹೋಗಬಹುದು. ಸಿಮ್ ಇಲ್ಲದ ಮಾದರಿಯಾದರೆ ಕರೆ ಹೋಗಬೇಕಾದ್ದು ಫೋನ್ ಮೂಲಕ. ದೊಡ್ಡಮ್ಮ ಹಿತ್ತಲಲ್ಲಿ, ಫೋನ್ ನಡುಮನೆಯ ಟಿವಿ ಪಕ್ಕ ಚಾರ್ಜಿಗೆ, ನಡುವೆ ಎರಡು ಮಣ್ಣಿನ ಗೋಡೆ. ಅಲ್ಲಿಗೆ ಬ್ಲೂಟೂತ್ ಮುಟ್ಟುತ್ತಿರಲಿಲ್ಲ. ಕೊನೆಗೆ ಇ-ಸಿಮ್ ಇರುವ ಮಾದರಿಗೆ ಬದಲಾಯಿಸಿದೆವು. ಒಬ್ಬರೇ ಇರುವವರಿಗೆ ಕೊಡಿಸುವುದಾದರೆ ಮೊದಲೇ ಇದನ್ನು ಯೋಚಿಸಿ, ನಮ್ಮ ಹಾಗೆ ಎರಡು ಸಲ ದುಡ್ಡು ಹಾಕಬೇಡಿ.

ಇನ್ನೊಂದು ಇಸಿಜಿ. ವಾಚಿನ ಬದಿಯ ಗುಂಡಿಗೆ ಇನ್ನೊಂದು ಕೈಯ ಬೆರಳಿಟ್ಟು ಮೂವತ್ತು ಸೆಕೆಂಡು ಅಲುಗಾಡದೆ ಕೂತರೆ ಒಂದು ಗೆರೆಯ ಇಸಿಜಿ ಬರುತ್ತದೆ. ಡವಡವ ಅನಿಸಿದ ಹೊತ್ತಿಗೇ ತೆಗೆದಿಟ್ಟು ಡಾಕ್ಟರಿಗೆ ತೋರಿಸಬಹುದು, ಇದೇ ಅದರ ದೊಡ್ಡ ಉಪಯೋಗ, ಏಕೆಂದರೆ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಬಡಿತ ಸರಿಹೋಗಿರುತ್ತದೆ. ಇದು ಹುಡುಕುವುದು ಏಟ್ರಿಯಲ್ ಫಿಬ್ರಿಲೇಷನ್ ಎಂಬ ತಾಳ ತಪ್ಪಿದ ಬಡಿತವನ್ನು. ಹೃದಯಾಘಾತವನ್ನು ಇದು ಹಿಡಿಯುವುದಿಲ್ಲ, ಆ್ಯಪಲ್‌ನ ಇಸಿಜಿ ಆ್ಯಪ್ ಅದನ್ನು ತಾನೇ ಹೇಳುತ್ತದೆ. ಎದೆನೋವು ಬಂದಾಗ ವಾಚಿನ ಗೆರೆ ಸರಿ ಇದೆ ಅಂತ ಯಾರೂ ಮನೆಯಲ್ಲಿ ಕೂರಬಾರದು. ಬಡಿತ 50ಕ್ಕಿಂತ ಕಡಿಮೆ ಇದ್ದರೆ ಆ ಆ್ಯಪ್ ಏಟ್ರಿಯಲ್ ಫಿಬ್ರಿಲೇಷನ್ ಇದೆಯೋ ಇಲ್ಲವೋ ಹೇಳುವುದಿಲ್ಲ, ಬೀಟಾ ಬ್ಲಾಕರ್ ತಿನ್ನುವವರಿಗೆ ಇದು ಆಗಾಗ ಎದುರಾಗುತ್ತದೆ.

ಬಡಿತ ತಾಳ ತಪ್ಪುವವರಿಗೆ ಬ್ಯಾಂಡಿನ ಸಂಖ್ಯೆಯನ್ನೂ ಪೂರ್ತಿ ನಂಬಲು ಆಗುವುದಿಲ್ಲ. ಕೆಲವು ಬಡಿತ ಎಷ್ಟು ಸಣ್ಣದಾಗಿರುತ್ತದೆ ಅಂದರೆ ಮಣಿಕಟ್ಟಿನ ತನಕ ಅಲೆ ಬರುವುದೇ ಇಲ್ಲ, ಬ್ಯಾಂಡ್ ಕಡಿಮೆ ಎಣಿಸುತ್ತದೆ.

ಪೇಸ್‌ಮೇಕರ್ ಇದ್ದವರು ಮೊದಲು ಡಾಕ್ಟರನ್ನು ಕೇಳಿ. ವಾಚ್, ಅದರ ಚಾರ್ಜರ್, ಕೆಲವು ಪಟ್ಟಿಗಳಲ್ಲಿ ಆಯಸ್ಕಾಂತ ಇರುತ್ತದೆ, ಎದೆಯಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇರಬೇಕು. ವಾಚ್ ಕಟ್ಟಿದ ಕೈ ಎದೆಯ ಮೇಲಿಟ್ಟು ಮಲಗುವ ಅಭ್ಯಾಸ ಇದ್ದರೆ ಬಿಡಿಸಿ. ಸ್ಯಾಮ್‌ಸಂಗ್ ವಾಚಿನಲ್ಲಿ ಮೈಯ ಕೊಬ್ಬು ಅಳೆಯುವ ಸೌಲಭ್ಯವನ್ನಂತೂ ಇವರು ಬಳಸಲೇಬಾರದು, ಅದು ಮೈಯಲ್ಲಿ ಸಣ್ಣ ವಿದ್ಯುತ್ ಹರಿಸಿ ಅಳೆಯುತ್ತದೆ.

ಚಾರ್ಜ್, ಪರದೆ, ಫೋನ್

ಅಪ್ಪನ ಬ್ಯಾಂಡಿಗೆ ಹತ್ತು ದಿನಕ್ಕೊಮ್ಮೆ ಚಾರ್ಜ್. ಭಾನುವಾರ ಪೇಪರ್ ಓದುವಾಗ ಹಾಕುತ್ತಾರೆ. ದೊಡ್ಡಮ್ಮನ ವಾಚಿಗೆ ದಿನಾ ಬೇಕು. ಮೊದಲು ಸ್ನಾನಕ್ಕೆ ಹೋಗುವಾಗ ಚಾರ್ಜಿಗೆ ಹಾಕಿ ಅಂತ ಹೇಳಿಕೊಟ್ಟೆ, ಎಲ್ಲರೂ ಹೇಳುವುದೂ ಹಾಗೇ. ಆಮೇಲೆ ಹೊಳೆಯಿತು, ಜಾರಿ ಬೀಳುವ ಜಾಗವೇ ಬಚ್ಚಲು, ಬೀಳುವುದನ್ನು ಹಿಡಿಯಲು ತಂದ ವಾಚ್ ಆ ಹೊತ್ತಿಗೆ ಟೇಬಲ್ ಮೇಲೆ! ಈಗ ಸಂಜೆ ಸೀರಿಯಲ್ ನೋಡುವಾಗ ಹಾಕುತ್ತಾರೆ. ಬಚ್ಚಲಲ್ಲಿ ಕಟ್ಟಿಕೊಂಡೇ ಇರುತ್ತಾರೆ. ಸೋಪು, ಹಂಡೆಯ ಬಿಸಿ ನೀರು ವಾಚಿಗೆ ಒಳ್ಳೆಯದಲ್ಲ, ಗೊತ್ತು, ಆದರೆ ತಂದದ್ದೇ ಅದಕ್ಕಲ್ಲವೇ.

ಪರದೆಯ ವಿಷಯದಲ್ಲಿ ವಾಚೇ ಗೆದ್ದಿತು. ಅಪ್ಪನ ಬ್ಯಾಂಡಿನ ಸಂಖ್ಯೆ ಕನ್ನಡಕವಿಲ್ಲದೆ ಕಾಣುವುದಿಲ್ಲ. ಗಡಿಯಾರದ ಮುಖವನ್ನು ಸಮಯ, ಹೆಜ್ಜೆ, ಬಡಿತ ಮೂರೇ ಇರುವ ದಪ್ಪ ಅಕ್ಷರದ್ದಕ್ಕೆ ಬದಲಾಯಿಸಿದ ಮೇಲೆ ಪರವಾಗಿಲ್ಲ. ಕೊಳ್ಳುವ ಮುಂಚೆ ಅಂಗಡಿಯಲ್ಲಿ ಹಿರಿಯರೇ ಹಾಕಿ, ತೆಗೆದು ನೋಡಲಿ. ಪಟ್ಟಿಯ ಗುಂಡಿಯನ್ನು ತೂತಿಗೆ ಒತ್ತುವುದು ಸಂಧಿವಾತದ ಬೆರಳಿಗೆ ದೊಡ್ಡ ಕೆಲಸ. ಬಟ್ಟೆಯ ಅಂಟುಪಟ್ಟಿ ಅದಕ್ಕಿಂತ ಸುಲಭ.

ಫೋನ್ ಯಾವುದು ಅಂತ ಮರೆಯಬೇಡಿ. ಆ್ಯಪಲ್ ವಾಚಿಗೆ ಐಫೋನ್ ಬೇಕು. ಸ್ಯಾಮ್‌ಸಂಗ್‌ನ ಈಗಿನ ವಾಚುಗಳು ಐಫೋನಿಗೆ ಕೂಡುವುದಿಲ್ಲ. ಬ್ಯಾಂಡ್‌ಗಳು ಸಾಮಾನ್ಯವಾಗಿ ಎರಡಕ್ಕೂ ಆಗುತ್ತವೆ.

ನಡುವಿನ ಆ ಅಗ್ಗದ ವಾಚುಗಳ ಬಗ್ಗೆ ನನ್ನ ತಕರಾರು ಒಂದೇ. ಡಬ್ಬದ ಮೇಲೆ ಬಿಪಿ, ಕೆಲವದರಲ್ಲಿ ಶುಗರ್ ಕೂಡ ಬರೆದಿರುತ್ತದೆ. ಸೂಜಿ ಚುಚ್ಚದೆ ತಾನೇ ಶುಗರ್ ಅಳೆಯುತ್ತೇವೆ ಅನ್ನುವ ಯಾವ ವಾಚಿಗೂ ಉಂಗುರಕ್ಕೂ ತಾನು ಅನುಮತಿ ಕೊಟ್ಟಿಲ್ಲ ಎಂದು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲೇ ಎಚ್ಚರಿಸಿದೆ. ಬಿಪಿ ತೋರಿಸುವ ಸ್ಯಾಮ್‌ಸಂಗ್ ವಾಚನ್ನೇ 28 ದಿನಕ್ಕೊಮ್ಮೆ ತೋಳಿಗೆ ಕಟ್ಟುವ ಬಿಪಿ ಮೆಷಿನ್ ಜೊತೆ ತಾಳೆ ಹಾಕಬೇಕು. ಹಾಗಿರುವಾಗ ಸಾವಿರದೈನೂರರ ವಾಚ್ ಅಂಥದ್ದೇನೂ ಕೇಳದೆ 120/80 ತೋರಿಸಿದರೆ ಅದನ್ನು ನೋಡಿ ಮಾತ್ರೆ ಬಿಡುವವರು ನಮ್ಮಲ್ಲೇ ಇದ್ದಾರೆ. ಆ ದುಡ್ಡಿಗೆ ಒಂದು ಬಿಪಿ ಮೆಷಿನ್ ತನ್ನಿ. ಅದು ನಾಡಿಯನ್ನೂ ತೋರಿಸುತ್ತದೆ, ಬ್ಯಾಂಡ್ ಸರಿ ಹೇಳುತ್ತಿದೆಯಾ ಅಂತ ತಾಳೆ ನೋಡಲಿಕ್ಕೂ ಆಯಿತು.

ಅಪ್ಪನ ಹೆಜ್ಜೆಯ ಲೆಕ್ಕ ಏನಾಯಿತು ಅಂತ ಕೇಳಬಹುದು. ಬೆನ್ನ ಹಿಂದೆ ಕೈ ಕಟ್ಟುವುದನ್ನು ಅವರು ಬಿಟ್ಟಿಲ್ಲ. ಈಗ ಬಲಗೈ ಒಂದನ್ನೇ ಹಿಂದೆ ಇಟ್ಟುಕೊಂಡು, ಬ್ಯಾಂಡ್ ಇರುವ ಎಡಗೈಯನ್ನು ಬೀಸುತ್ತಾ ಹೋಗುತ್ತಾರೆ.